ವಾಟ್ಸಾಪ್ ಬ್ಯಾಕಪ್ ನಿಜಕ್ಕೂ ವಾಪಸ್ ಬರುತ್ತದೆಯೇ? ಹೊಸ ಫೋನಿಗೆ ಹೋಗುವ ಮುಂಚೆ ಸ್ಪೇರ್ ಫೋನಿನಲ್ಲಿ ಪರೀಕ್ಷೆ

ವಾಟ್ಸಾಪ್ ಸೆಟ್ಟಿಂಗ್‌ನಲ್ಲಿ `Last backup` ಎಂದು ನಿನ್ನೆಯ ತಾರೀಖು ಕಂಡರೆ ಬಹಳ ಜನ ನಿಶ್ಚಿಂತರಾಗಿಬಿಡುತ್ತಾರೆ. ಆದರೆ ಆ ಸಾಲು ಹೇಳುವುದು ಫೈಲು ಮೇಲೆ ಹೋಗಿದೆ ಅಂತ ಮಾತ್ರ. ಅದು ಯಾವ ಗೂಗಲ್ ಖಾತೆಗೆ ಹೋಗಿದೆ, ತೆರೆಯಲು ಕೇಳುವ ಪಾಸ್‌ವರ್ಡ್ ನಿಮಗೆ ನೆನಪಿದೆಯೇ, ವಿಡಿಯೋಗಳೂ ಜೊತೆಗೆ ಹೋದವೇ ಎಂಬುದೆಲ್ಲ ತಿಳಿಯುವುದು ಫೈಲನ್ನು ಕೆಳಗೆ ಇಳಿಸಿದಾಗಲೇ. ಎಕ್ಸ್‌ಚೇಂಜ್‌ನಲ್ಲಿ ಹಳೆಯ ಫೋನ್ ಕೊಟ್ಟು ಬಂದ ಮೇಲೆ ತಿಳಿದರೆ ಮಾಡುವುದಕ್ಕೇನೂ ಉಳಿದಿರುವುದಿಲ್ಲ. ಮನೆಯಲ್ಲಿ ಡ್ರಾಯರಿನಲ್ಲಿ ಬಿದ್ದಿರುವ ಇನ್ನೊಂದು ಆಂಡ್ರಾಯ್ಡ್ ಫೋನ್ ಇದ್ದರೆ ಒಂದು ಸಂಜೆಯಲ್ಲಿ ಇದನ್ನು ನೋಡಿಬಿಡಬಹುದು.

ಇಲ್ಲಿ ಹೇಳಿರುವುದು ಆಂಡ್ರಾಯ್ಡ್‌ನಿಂದ ಆಂಡ್ರಾಯ್ಡ್‌ಗೆ, ಗೂಗಲ್ ಡ್ರೈವ್ ಬ್ಯಾಕಪ್ ಬಗ್ಗೆ. ಐಫೋನಿನ ಐಕ್ಲೌಡ್ ಬ್ಯಾಕಪ್ ಆಂಡ್ರಾಯ್ಡ್‌ನಲ್ಲಿ ತೆರೆಯುವುದೇ ಇಲ್ಲ, ಅದರ ದಾರಿ ಬೇರೆ.

## ಮೊದಲು ಎಚ್ಚರಿಕೆ: ಈ ಪರೀಕ್ಷೆಯೇ ಮಾಡಬಹುದಾದ ಹಾನಿ

ಒಂದು ನಂಬರು ಒಂದೇ ಫೋನಿನಲ್ಲಿ ಮುಖ್ಯವಾಗಿ ನೆಲೆಸಿರುತ್ತದೆ. ಸ್ಪೇರ್ ಫೋನಿನಲ್ಲಿ ನಿಮ್ಮ ನಂಬರು ನೋಂದಾಯಿಸಿದ ಕ್ಷಣ ಮುಖ್ಯ ಫೋನಿನ ವಾಟ್ಸಾಪ್ ಲಾಗೌಟ್ ಆಗುತ್ತದೆ, ಕಂಪ್ಯೂಟರಿನಲ್ಲಿ ತೆರೆದಿಟ್ಟ ವಾಟ್ಸಾಪ್ ವೆಬ್ ಕೂಡ ಕಡಿದುಹೋಗುತ್ತದೆ. ಇದು ಸಹಜ, ಗಾಬರಿ ಬೇಡ. ಮುಖ್ಯ ಫೋನಿನ ಚಾಟುಗಳು ಅಲ್ಲೇ ಇರುತ್ತವೆ. ಮತ್ತೆ ಆರು ಅಂಕಿಯ ಕೋಡ್ ಹಾಕಿ ನೋಂದಾಯಿಸಿದರೆ ಮೊದಲಿನಂತೆ ತೆರೆಯುತ್ತವೆ.

ಅವು ಹಾಗೆ ಉಳಿಯಬೇಕಾದರೆ ಮೂರು ಕೆಲಸ ಮಾಡಲೇಬಾರದು. ಮುಖ್ಯ ಫೋನಿನಿಂದ ವಾಟ್ಸಾಪ್ ಅನ್‌ಇನ್‌ಸ್ಟಾಲ್ ಮಾಡಬಾರದು, ಅದರ ಡೇಟಾ ಅಳಿಸಬಾರದು. ಸ್ಪೇರ್ ಫೋನಿನಲ್ಲಿ ಹೊಸ ಬ್ಯಾಕಪ್ ಆಗಲು ಬಿಡಬಾರದು: ಅರ್ಧಂಬರ್ಧ ಇಳಿದ ಅಥವಾ ಖಾಲಿ ಚಾಟಿನ ಬ್ಯಾಕಪ್ ಡ್ರೈವ್‌ಗೆ ಹೋದರೆ ಒಳ್ಳೆಯ ಪ್ರತಿಯ ಜಾಗದಲ್ಲಿ ಅದೇ ಕೂರುತ್ತದೆ. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ಪರೀಕ್ಷೆ ಮುಗಿಯಿತೆಂದು ಸ್ಪೇರ್ ಫೋನಿನಲ್ಲಿ `Delete account` ಒತ್ತಿದರೆ ಆ ಫೋನಿನ ಪ್ರತಿ ಮಾತ್ರ ಹೋಗುವುದಿಲ್ಲ. ನಿಮ್ಮ ಖಾತೆಯೇ ಅಳಿಯುತ್ತದೆ, ಗುಂಪುಗಳಿಂದ ನೀವು ಹೊರಬೀಳುತ್ತೀರಿ, ಡ್ರೈವ್ ಬ್ಯಾಕಪ್ ಕೂಡ ಹೋಗುತ್ತದೆ.

ಆದ್ದರಿಂದ ಶುರು ಮಾಡುವ ಮುಂಚೆ ಮುಖ್ಯ ಫೋನನ್ನು ಯುಎಸ್‌ಬಿ ಕೇಬಲ್ಲಿನಿಂದ ಕಂಪ್ಯೂಟರಿಗೆ ಜೋಡಿಸಿ ಈ ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿಟ್ಟುಕೊಳ್ಳಿ:

```
Android/media/com.whatsapp/WhatsApp
```

ಇದರೊಳಗಿನ `Databases` ಫೋಲ್ಡರಿನಲ್ಲಿ ಫೋನು ಪ್ರತಿ ರಾತ್ರಿ ಸುಮಾರು ಎರಡು ಗಂಟೆಗೆ ತಾನೇ ಬರೆದಿಡುವ ಲೋಕಲ್ ಬ್ಯಾಕಪ್ ಇರುತ್ತದೆ. ಕಳೆದ ಕೆಲವು ದಿನಗಳ ಪ್ರತಿಗಳೂ ತಾರೀಖಿನ ಹೆಸರಿನಲ್ಲಿ ಅಲ್ಲೇ ಇರುತ್ತವೆ. ಏನಾದರೂ ಎಡವಟ್ಟಾದರೆ ಕೊನೆಯ ಆಸರೆ ಇದೇ.

## ತಯಾರಿ: ಗುರುತಿನ ಸಂದೇಶಗಳು

ಬಂದ ಚಾಟುಗಳನ್ನು ಸುಮ್ಮನೆ ಸ್ಕ್ರಾಲ್ ಮಾಡಿ "ಎಲ್ಲಾ ಇರೋ ಹಾಗಿದೆ" ಎಂದುಕೊಳ್ಳುವುದು ಪರೀಕ್ಷೆಯಲ್ಲ. ಏನು ಬರಬೇಕು ಎಂದು ಮೊದಲೇ ಬರೆದಿಟ್ಟುಕೊಂಡಿರಬೇಕು.

ಮುಖ್ಯ ಫೋನಿನಲ್ಲಿ ನಿಮಗೆ ನೀವೇ ಒಂದು ಸಂದೇಶ ಕಳಿಸಿಕೊಳ್ಳಿ: "ಗುರುತು 1, ರಾತ್ರಿ 9:40". ಕೂಡಲೇ `Settings` > `Chats` > `Chat backup` ಗೆ ಹೋಗಿ `Back up` ಒತ್ತಿ. ಅದು ಪೂರ್ತಿ ಮುಗಿದ ಮೇಲೆ ಇನ್ನೊಂದು ಸಂದೇಶ: "ಗುರುತು 2, ರಾತ್ರಿ 10:15". ಸ್ಪೇರ್ ಫೋನಿನಲ್ಲಿ ಮೊದಲನೆಯದು ಬಂದು ಎರಡನೆಯದು ಬಾರದಿದ್ದರೆ, ಇಳಿದದ್ದು ಈಗಷ್ಟೇ ಮಾಡಿದ ಬ್ಯಾಕಪ್ಪೇ ಎಂದು ಖಚಿತ. ಎರಡೂ ಬಾರದಿದ್ದರೆ ಇಳಿದದ್ದು ಹಳೆಯ ಪ್ರತಿ. ಎರಡೂ ಬಂದರೆ ನೀವು ಬ್ಯಾಕಪ್ಪನ್ನು ಪರೀಕ್ಷಿಸಲೇ ಇಲ್ಲ, ಬೇರೆ ಯಾವುದೋ ದಾರಿಯಲ್ಲಿ ಚಾಟು ಬಂದಿದೆ.

ಇದರ ಜೊತೆಗೆ ಕಾಗದದ ಮೇಲೆ ನಾಲ್ಕೈದು ವಸ್ತು ಬರೆದುಕೊಳ್ಳಿ. ಬಹಳ ಹಳೆಯ ಚಾಟೊಂದರ ಮೊಟ್ಟಮೊದಲ ಸಂದೇಶ ಮತ್ತು ತಾರೀಖು, ಎರಡು ಮೂರು ವರ್ಷ ಹಿಂದಿನ ಒಂದು ಫೋಟೋ, ಒಂದು ವಿಡಿಯೋ, ಒಂದು ವಾಯ್ಸ್ ಮೆಸೇಜ್, ಒಂದು ಪಿಡಿಎಫ್. ಪ್ರತಿಯೊಂದನ್ನೂ ಮುಖ್ಯ ಫೋನಿನಲ್ಲಿ ತೆರೆದು ನೋಡಿ. ಅಲ್ಲೇ ತೆರೆಯದ ಫೋಟೋ ಸ್ಪೇರ್ ಫೋನಿನಲ್ಲಿ ತೆರೆಯಲಿಲ್ಲ ಎಂದು ಬ್ಯಾಕಪ್ಪನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಎರಡು ಹಂತದ ಪರಿಶೀಲನೆಯ ಆರಂಕಿ ಪಿನ್ ನೆನಪಿದೆಯೇ ಎಂದೂ ಈಗಲೇ ನೋಡಿಕೊಳ್ಳಿ. ಮರೆತಿದ್ದರೆ ಮುಖ್ಯ ಫೋನಿನ `Settings` > `Account` > `Two-step verification` ನಲ್ಲಿ ಹೊಸದನ್ನು ಇಟ್ಟುಕೊಳ್ಳಬಹುದು, ಹಳೆಯದನ್ನು ಕೇಳುವುದಿಲ್ಲ. ಲಾಗೌಟ್ ಆದ ಮೇಲೆ ನೆನಪಾಗಲಿಲ್ಲ, ಇಮೇಲ್ ಕೂಡ ಕೊಟ್ಟಿಲ್ಲ ಎಂದಾದರೆ ಏಳು ದಿನ ಕಾಯಬೇಕಾಗುತ್ತದೆ.

ಸ್ಪೇರ್ ಫೋನಿಗೆ ಬೇಕಾದದ್ದು ಇಷ್ಟು: ವೈಫೈ, ತುಂಬಿದ ಬ್ಯಾಟರಿ ಅಥವಾ ಚಾರ್ಜರ್, ಬ್ಯಾಕಪ್ಪಿನ ಗಾತ್ರದ ಸುಮಾರು ಎರಡರಷ್ಟು ಖಾಲಿ ಜಾಗ, ಪ್ಲೇ ಸ್ಟೋರಿನಿಂದ ಹಾಕಿದ ಹೊಸ ವಾಟ್ಸಾಪ್, ಮತ್ತು ಬ್ಯಾಕಪ್ ಹೋಗಿರುವ ಅದೇ ಗೂಗಲ್ ಖಾತೆ. ಮುಖ್ಯ ಫೋನಿನಲ್ಲಿ ಬಳಸುವುದು ವಾಟ್ಸಾಪ್ ಬಿಸಿನೆಸ್ ಆದರೆ ಇಲ್ಲೂ ಅದನ್ನೇ ಹಾಕಬೇಕು, ಅದರ ಫೋಲ್ಡರಿನ ಹೆಸರೂ ಬೇರೆ. ಸಿಮ್ ಬದಲಿಸಬೇಡಿ. ಕೋಡ್ ಮುಖ್ಯ ಫೋನಿಗೇ ಎಸ್ಸೆಮ್ಮೆಸ್ ಆಗಿ ಬರಲಿ, ಅದನ್ನು ನೋಡಿ ಸ್ಪೇರ್ ಫೋನಿನಲ್ಲಿ ಟೈಪ್ ಮಾಡಿದರೆ ಸಾಕು. ಸಿಮ್ ತೆಗೆದು ಹಾಕಿದರೆ ಯುಪಿಐ ಆ್ಯಪುಗಳು ನಂಬರನ್ನು ಮತ್ತೆ ಪರಿಶೀಲಿಸಿ ಎಂದು ಹಟ ಹಿಡಿಯಬಹುದು. ಬೇಡದ ರಗಳೆ.

ಇನ್ನೊಂದು ದಾರಿ ತಪ್ಪುವ ಜಾಗವಿದೆ. ಸ್ಪೇರ್ ಫೋನನ್ನು `Linked devices` ಮೂಲಕ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಜೋಡಿಸುವುದು ಸುಲಭ, ಚಾಟುಗಳೂ ಕಾಣುತ್ತವೆ. ಆದರೆ ಅವು ಮುಖ್ಯ ಫೋನಿನಿಂದ ನೇರವಾಗಿ ಬಂದವು. `Transfer chats` ಎಂಬ ಆಯ್ಕೆಯೂ ಹಾಗೆಯೇ. ಹೊಸ ಫೋನಿಗೆ ಹೋಗುವ ದಿನ ಅದು ಬಹಳ ಒಳ್ಳೆಯ ಸಾಧನ. ಫೋನು ಕಳೆದುಹೋದ ದಿನ ಮಾತ್ರ ಅದು ಉಪಯೋಗಕ್ಕೆ ಬಾರದು, ಆ ದಿನಕ್ಕೆ ಡ್ರೈವಿನ ಪ್ರತಿಯೊಂದೇ ಗತಿ. ಇವತ್ತು ನೋಡಬೇಕಾದದ್ದು ಅದನ್ನೇ.

## ಲಕ್ಷಣ: ಲೋಕಲ್ ತಾರೀಖು ಇವತ್ತಿನದು, ಡ್ರೈವ್ ತಾರೀಖು ಹಳೆಯದು

ಇದಕ್ಕೆ ಸ್ಪೇರ್ ಫೋನೂ ಬೇಡ. `Chat backup` ಪುಟದಲ್ಲಿ ಎರಡು ಸಾಲು ಇರುತ್ತವೆ, ಒಂದು ಫೋನಿನೊಳಗಿನ ಪ್ರತಿಯದು, ಇನ್ನೊಂದು ಗೂಗಲ್‌ನದು. ಮೊದಲನೆಯದು ದಿನವೂ ಬದಲಾಗುತ್ತ ಎರಡನೆಯದು ತಿಂಗಳುಗಳಿಂದ ನಿಂತಿದ್ದರೆ ಡ್ರೈವ್ ಬ್ಯಾಕಪ್ ಸತ್ತಿದೆ ಎಂದರ್ಥ.

ಸಾಮಾನ್ಯ ಕಾರಣ ಜಾಗ. ಮೊದಲು ವಾಟ್ಸಾಪ್ ಬ್ಯಾಕಪ್ ಗೂಗಲ್ ಖಾತೆಯ ಲೆಕ್ಕಕ್ಕೆ ಸೇರುತ್ತಿರಲಿಲ್ಲ. 2024ರಿಂದ ಅದು ಜಿಮೇಲ್ ಮತ್ತು ಫೋಟೋಸ್ ಜೊತೆ ಅದೇ 15 ಜಿಬಿಯನ್ನು ಹಂಚಿಕೊಳ್ಳುತ್ತದೆ. ಖಾತೆ ತುಂಬಿದ ದಿನ ಬ್ಯಾಕಪ್ ನಿಂತಿರುತ್ತದೆ. `Settings` > `Storage and data` > `Manage storage` ನಲ್ಲಿ ದೊಡ್ಡ ಫೈಲುಗಳನ್ನು ನೋಡಿ ಶುಭೋದಯದ ವಿಡಿಯೋಗಳನ್ನು ತೆಗೆದುಹಾಕಿದರೆ ಎಷ್ಟೋ ಫೋನುಗಳಲ್ಲಿ ಅಷ್ಟೇ ಸಾಕಾಗುತ್ತದೆ. ಇನ್ನೊಂದು ಕಾರಣ, ಬ್ಯಾಕಪ್ ವೈಫೈನಲ್ಲಿ ಮಾತ್ರ ಎಂದಿಟ್ಟು ಮನೆಯಲ್ಲಿ ವೈಫೈಯೇ ಇಲ್ಲದಿರುವುದು. ಐದು ತಿಂಗಳಿಗಿಂತ ಹೆಚ್ಚು ಕಾಲ ಹೊಸದಾಗಿ ಆಗದ ಡ್ರೈವ್ ಬ್ಯಾಕಪ್ ತಾನಾಗಿಯೇ ಅಳಿದುಹೋಗಬಹುದು ಎಂಬುದೂ ಗಮನದಲ್ಲಿರಲಿ.

ಎರಡೂ ತಾರೀಖು ಒಂದೇ ದಿನದ್ದಾಗುವವರೆಗೆ ಮುಂದಕ್ಕೆ ಹೋಗಬೇಡಿ.

## ಲಕ್ಷಣ: ಕೋಡ್ ಹಾಕಿದ ಮೇಲೆ ಬ್ಯಾಕಪ್ಪೇ ಸಿಗುತ್ತಿಲ್ಲ

ಸ್ಪೇರ್ ಫೋನಿನಲ್ಲಿ `Restore` ಎಂಬ ಪರದೆ ಬರಬೇಕು. ಅದರ ಬದಲು ಬ್ಯಾಕಪ್ ಇಲ್ಲ ಎಂದರೆ `Skip` ಮುಟ್ಟದೆ ನಿಲ್ಲಿ. ಈ ಪರದೆ ನೋಂದಣಿಯ ಹೊತ್ತಿನಲ್ಲಿ ಒಮ್ಮೆ ಮಾತ್ರ ಬರುತ್ತದೆ. ಆಮೇಲೆ ಸೆಟ್ಟಿಂಗ್‌ನಲ್ಲಿ ಎಲ್ಲಿ ಹುಡುಕಿದರೂ ಸಿಗದು.

ಮೊದಲು ನೋಡಬೇಕಾದದ್ದು ಗೂಗಲ್ ಖಾತೆ. ಮುಖ್ಯ ಫೋನಿನಲ್ಲಿ ಲಾಗೌಟ್ ಆದ ಮೇಲೆ `Chat backup` ಪುಟ ತೆರೆಯುವುದಿಲ್ಲ, ಹಾಗಾಗಿ ಯಾವ ಇಮೇಲ್ ಎಂದು ಮೊದಲೇ ಬರೆದಿಟ್ಟುಕೊಂಡಿರಬೇಕು. ಬರೆದಿಲ್ಲವಾದರೆ ಗೂಗಲ್ ಡ್ರೈವ್ ಆ್ಯಪಿನ ಮೆನುವಿನಲ್ಲಿ `Backups` ತೆರೆದು, ನಿಮ್ಮ ಒಂದೊಂದೇ ಖಾತೆಗೂ ಬದಲಿಸುತ್ತ ವಾಟ್ಸಾಪ್ ಸಾಲು ಎಲ್ಲಿದೆ ನೋಡಿ. ಅದು ಸಿಕ್ಕ ಖಾತೆಯನ್ನು ಸ್ಪೇರ್ ಫೋನಿಗೆ ಸೇರಿಸಿ, ವಾಟ್ಸಾಪ್ ಅನುಮತಿ ಕೇಳಿದಾಗ ಒಪ್ಪಿ. ಎಷ್ಟೋ ಸಲ ತಪ್ಪುವುದು ಅಲ್ಲೇ, ಜನ ಅಭ್ಯಾಸಬಲದಿಂದ ಅನುಮತಿ ನಿರಾಕರಿಸಿಬಿಟ್ಟಿರುತ್ತಾರೆ.

ಖಾತೆ ಸರಿಯಿದ್ದೂ ಸಿಗದಿದ್ದರೆ ನಂಬರು ನೋಡಿ. ಎರಡು ಸಿಮ್ ಇರುವವರು ಕೆಲವೊಮ್ಮೆ ವಾಟ್ಸಾಪ್ ಇಲ್ಲದ ನಂಬರನ್ನು ಹಾಕಿರುತ್ತಾರೆ. ಬ್ಯಾಕಪ್ ನಂಬರು ಮತ್ತು ಖಾತೆ ಎರಡಕ್ಕೂ ಕಟ್ಟಿಕೊಂಡಿರುತ್ತದೆ.

ಕೈತಪ್ಪಿ `Skip` ಒತ್ತಿಬಿಟ್ಟಿದ್ದರೂ ಎಲ್ಲ ಮುಗಿಯಲಿಲ್ಲ. ಸ್ಪೇರ್ ಫೋನಿನ ವಾಟ್ಸಾಪನ್ನು ತಕ್ಷಣ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿ, ಮೊದಲಿನಿಂದ ನೋಂದಾಯಿಸಿ. ಹೊಸ ಬ್ಯಾಕಪ್ ಆಗದಿರುವವರೆಗೆ ಡ್ರೈವಿನ ಪ್ರತಿ ಹಾಗೆಯೇ ಇರುತ್ತದೆ. ಆದರೆ ಪದೇಪದೇ ನೋಂದಾಯಿಸಿದರೆ ಕೋಡ್ ಕಳಿಸುವ ಮುಂಚೆ ಇಷ್ಟು ಗಂಟೆ ಕಾಯಿರಿ ಎಂದು ವಾಟ್ಸಾಪ್ ತಡೆಹಿಡಿಯುತ್ತದೆ. ಒಂದು ಸಂಜೆಗೆ ಎರಡು ಪ್ರಯತ್ನ ಸಾಕು. ಎರಡನೆಯದೂ ಆಗದಿದ್ದರೆ ಮುಖ್ಯ ಫೋನಿಗೆ ಮರಳಿ, ಕಾರಣ ನಾಳೆ ಹುಡುಕಿ.

## ಲಕ್ಷಣ: ಪಾಸ್‌ವರ್ಡ್ ಅಥವಾ 64 ಅಂಕಿಯ ಕೀ ಕೇಳುತ್ತಿದೆ

2021ರ ಕೊನೆಯಲ್ಲಿ ವಾಟ್ಸಾಪ್ ಬ್ಯಾಕಪ್ಪಿಗೂ ಎಂಡ್ ಟು ಎಂಡ್ ಎನ್‌ಕ್ರಿಪ್ಶನ್, ಅಂದರೆ ನಿಮ್ಮ ಪಾಸ್‌ವರ್ಡ್ ಅಥವಾ ಕೀ ಇಲ್ಲದೆ ಯಾರೂ ತೆರೆಯಲಾಗದ ಬೀಗ, ತಂದಿತು. ಎಂದೋ ಒಂದು ದಿನ ಅದನ್ನು ಆನ್ ಮಾಡಿ, ಪಾಸ್‌ವರ್ಡ್ ಇಟ್ಟು, ಮರೆತವರು ಬಹಳ. ದಿನನಿತ್ಯದ ಬ್ಯಾಕಪ್ ಆ ಪಾಸ್‌ವರ್ಡ್ ಕೇಳುವುದಿಲ್ಲವಾದ್ದರಿಂದ ಮರೆತದ್ದು ಗೊತ್ತಾಗುವುದೂ ಇಲ್ಲ. ಅದು ಬೇಕೇ ಬೇಕಾಗುವುದು ವಾಪಸ್ ಇಳಿಸುವಾಗ.

ಊಹಿಸಿ ಊಹಿಸಿ ಒತ್ತಬೇಡಿ. ತಪ್ಪು ಪ್ರಯತ್ನಗಳಿಗೆ ಮಿತಿಯಿದೆ. ಮರೆತ ಪಾಸ್‌ವರ್ಡನ್ನು ವಾಟ್ಸಾಪ್ ಆಗಲಿ ಗೂಗಲ್ ಆಗಲಿ ತೆರೆದುಕೊಡಲಾರದು, ಸರ್ವಿಸ್ ಸೆಂಟರಿನವರಂತೂ ಮೊದಲೇ ಆಗದು. "ತೆಗೆದುಕೊಡ್ತೀವಿ" ಎಂದು ದುಡ್ಡು ಕೇಳುವವರನ್ನು ನಂಬಬೇಡಿ.

ಆದರೆ ನಿಮ್ಮ ಮುಖ್ಯ ಫೋನಿನಲ್ಲಿ ಚಾಟುಗಳಿನ್ನೂ ಜೀವಂತ ಇವೆ, ಪರೀಕ್ಷೆ ಈಗಲೇ ಮಾಡಿದ್ದರ ಲಾಭ ಅದು. ಪರೀಕ್ಷೆ ನಿಲ್ಲಿಸಿ ಮುಖ್ಯ ಫೋನಿನಲ್ಲಿ ಮತ್ತೆ ನೋಂದಾಯಿಸಿ. `Chat backup` > `End-to-end encrypted backup` ಒಳಗೆ ಹೋಗಿ ಪಾಸ್‌ವರ್ಡ್ ಬದಲಿಸಿ, ಫೋನಿನ ಬೆರಳಚ್ಚು ಅಥವಾ ಲಾಕ್ ಕೇಳಿದರೆ ಕೊಡಿ. ಹೊಸ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ರೇಷನ್ ಕಾರ್ಡು ಇಡುವ ಕಡೆ ಇಡಿ. ಫೋನಿನ ನೋಟ್ಸ್‌ನಲ್ಲಿ ಬರೆದಿಟ್ಟರೆ ಫೋನು ಕಳೆದ ದಿನ ಅದೂ ಕಳೆಯುತ್ತದೆ. ಆಮೇಲೆ ಹೊಸದಾಗಿ ಬ್ಯಾಕಪ್ ಮಾಡಿ, ಗುರುತು ಸಂದೇಶದಿಂದ ಮತ್ತೆ ಶುರು ಮಾಡಿ.

## ಲಕ್ಷಣ: ಚಾಟು ಬಂತು, ಆದರೆ ಗುರುತು 1 ಇಲ್ಲ

ಸಮಾಧಾನವಾಗಿ ನೋಡಬೇಕಾದದ್ದು ಇದು. ಮೇಲ್ನೋಟಕ್ಕೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಹಳೆಯ ಗುಂಪುಗಳಿವೆ, ಫೋಟೋಗಳಿವೆ.

ಒಂದು ಅಂಗಡಿಯ ಫೋನನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಅದರಲ್ಲಿ ಎರಡು ಗೂಗಲ್ ಖಾತೆ: ಮಾಲೀಕರ ಸ್ವಂತದ್ದು ಮತ್ತು ಬಿಲ್ಲಿಂಗ್‌ಗೆಂದು ಮಾಡಿದ್ದು. ಮಾರ್ಚ್ 14ರ ರಾತ್ರಿ 9:40ಕ್ಕೆ ಗುರುತು 1, ಬ್ಯಾಕಪ್ ಗಾತ್ರ 5.2 ಜಿಬಿ. ಸ್ಪೇರ್ ಫೋನಿಗೆ ಸ್ವಂತ ಖಾತೆ ಹಾಕಿ ನೋಂದಾಯಿಸಿದಾಗ `Restore` ಪರದೆ ಬಂತು, ಒತ್ತಿದರು, ಚಾಟು ಇಳಿಯಿತು. ಗುರುತು 1 ಹುಡುಕಿದರೆ ಇಲ್ಲ. ಸರಬರಾಜುದಾರರ ಚಾಟು ನವೆಂಬರ್ 2ಕ್ಕೆ ನಿಂತಿದೆ. ಪರದೆಯಲ್ಲಿ ಗಾತ್ರ 3.1 ಜಿಬಿ ಎಂದು ಬರೆದಿತ್ತು, ಅದನ್ನು ಯಾರೂ ಓದಿರಲಿಲ್ಲ.

ಅರ್ಥ ಇಷ್ಟೇ. ನವೆಂಬರಿನಲ್ಲಿ ಯಾವಾಗಲೋ ಬ್ಯಾಕಪ್ಪಿನ ಖಾತೆ ಬಿಲ್ಲಿಂಗ್ ಖಾತೆಗೆ ಬದಲಾಗಿದೆ. ಸ್ವಂತ ಖಾತೆಯಲ್ಲಿ ಹಳೆಯ ಪ್ರತಿ ಅಳಿಯದೆ ಕೂತಿತ್ತು, ಅದೇ ಇಳಿಯಿತು. ಬಿಲ್ಲಿಂಗ್ ಖಾತೆಯ ಪಾಸ್‌ವರ್ಡ್ ಕೆಲಸ ಬಿಟ್ಟ ಹುಡುಗನ ಬಳಿ ಇದ್ದರೆ ಬ್ಯಾಕಪ್ ಇದ್ದೂ ಇಲ್ಲದ ಹಾಗೆ. ಪರಿಹಾರ ಸುಲಭ: ಮುಖ್ಯ ಫೋನಿಗೆ ಮರಳಿ, `Chat backup` ನಲ್ಲಿ ಪಾಸ್‌ವರ್ಡ್ ಗೊತ್ತಿರುವ ಖಾತೆಯನ್ನು ಆರಿಸಿ, ಹೊಸ ಬ್ಯಾಕಪ್ ಮಾಡಿ, ಮತ್ತೆ ಪರೀಕ್ಷಿಸುವುದು. ಮುಂದಿನ ಸಲ `Restore` ಒತ್ತುವ ಮುಂಚೆ ಪರದೆಯ ಮೇಲಿನ ತಾರೀಖು, ಗಾತ್ರ ಎರಡನ್ನೂ ಕಾಗದದ ಜೊತೆ ತಾಳೆ ನೋಡಿ. ಅರ್ಧ ನಿಮಿಷದ ಕೆಲಸ.

ಒಂದೇ ಒಂದು ಚಾಟಿನಲ್ಲಿ ಮಾತ್ರ ಹಳೆಯ ಸಂದೇಶಗಳಿಲ್ಲ ಎಂದಾದರೆ ಅಲ್ಲಿ ತಾನಾಗಿ ಮಾಯವಾಗುವ ಸಂದೇಶಗಳ ಸೆಟ್ಟಿಂಗ್ ಆನ್ ಆಗಿದೆಯೇ ನೋಡಿ. ಅದು ದೋಷವಲ್ಲ.

## ಲಕ್ಷಣ: ಶೇಕಡಾವಾರು ಒಂದೇ ಕಡೆ ನಿಂತಿದೆ

ವಾಟ್ಸಾಪ್ ಮೊದಲು ಸಂದೇಶಗಳನ್ನು ಇಳಿಸುತ್ತದೆ, ಫೋಟೋ ವಿಡಿಯೋಗಳು ಆಮೇಲೆ ಹಿನ್ನೆಲೆಯಲ್ಲಿ ಬರುತ್ತವೆ. ಸಂದೇಶದ ಹಂತದಲ್ಲೇ ನಿಂತಿದ್ದರೆ ಜಾಗ, ಆಮೇಲೆ ವೈಫೈ, ಆಮೇಲೆ ಬ್ಯಾಟರಿ ಸೇವರ್, ಈ ಕ್ರಮದಲ್ಲಿ ನೋಡಿ. ಹಳೆಯ ಫೋನು ನಿಧಾನ ಎಂಬುದೂ ನಿಜ, ದೊಡ್ಡ ಬ್ಯಾಕಪ್ಪಿಗೆ ಒಂದು ಗಂಟೆ ಬಿಡಿ. ಮೀಡಿಯಾ ಹಂತದಲ್ಲಿ ನಿಂತಿದ್ದರೆ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಕಾಗದದಲ್ಲಿ ಬರೆದ ವಸ್ತುಗಳು ಬಂದರೆ ಸಾಕು.

## ಲಕ್ಷಣ: ಫೋಟೋ ಮಸುಕು, ವಿಡಿಯೋ ತೆರೆಯುತ್ತಿಲ್ಲ

ಮಸುಕಾದ ಸಣ್ಣ ಚಿತ್ರ ಸಂದೇಶದ ಜೊತೆಗೇ ಬಂದದ್ದು, ನಿಜವಾದ ಫೈಲು ಇನ್ನೂ ಬಂದಿಲ್ಲ. ಇಳಿಯುವುದು ಮುಗಿದ ಮೇಲೂ ಫೋಟೋಗಳು ಸರಿ, ವಿಡಿಯೋಗಳಷ್ಟೇ ಇಲ್ಲ ಎಂದಾದರೆ `Include videos` ಆಫ್ ಆಗಿತ್ತು. ಮುಖ್ಯ ಫೋನಿನಲ್ಲಿ ಆನ್ ಮಾಡುವ ಮುಂಚೆ 15 ಜಿಬಿಯಲ್ಲಿ ಜಾಗವಿದೆಯೇ ನೋಡಿಕೊಳ್ಳಿ. ಮಗುವಿನ ಮೊದಲ ಹೆಜ್ಜೆಯ ವಿಡಿಯೋದಂಥ ನಾಲ್ಕೇ ನಾಲ್ಕು ಬೇಕಾಗಿದ್ದರೆ ಅವನ್ನು ಕಂಪ್ಯೂಟರಿಗೆ ಕಾಪಿ ಮಾಡಿಟ್ಟು ಆಯ್ಕೆಯನ್ನು ಆಫ್ ಇಡುವುದೇ ಮೇಲು. ಕೆಲವು ಫೋಟೋಗಳು ಮಾತ್ರ ಇಲ್ಲವಾದರೆ ಅವನ್ನು ಗ್ಯಾಲರಿಯಿಂದ ಅಳಿಸಿರಬಹುದು, ಇಲ್ಲವೇ ಎಸ್‌ಡಿ ಕಾರ್ಡಿಗೆ ಸಾಗಿಸಿರಬಹುದು. ವಾಟ್ಸಾಪಿನ ಫೋಲ್ಡರಿನಲ್ಲಿಲ್ಲದ್ದು ಬ್ಯಾಕಪ್ಪಿಗೆ ಹೋಗಿರುವುದಿಲ್ಲ.

## ಮರಳುವ ಕ್ರಮ

ಚಾಟು ಇಳಿದ ಕೂಡಲೇ ಸ್ಪೇರ್ ಫೋನಿನ `Chat backup` ಗೆ ಹೋಗಿ ಬ್ಯಾಕಪ್ ಎಷ್ಟು ದಿನಕ್ಕೊಮ್ಮೆ ಎಂಬಲ್ಲಿ `Off` ಅಥವಾ `Never` ಆರಿಸಿ. ನೋಡಬೇಕಾದ ಫೋಟೋ ವಿಡಿಯೋ ಬಂದ ಮೇಲೆ ಏರೋಪ್ಲೇನ್ ಮೋಡ್ ಹಾಕಿ, ಆಮೇಲೆ ನಿಧಾನವಾಗಿ ತಾಳೆ ನೋಡಿ. ಕಾರಣ, ನೆಟ್ ಇರುವಷ್ಟು ಹೊತ್ತು ಹೊಸ ಸಂದೇಶಗಳು ಸ್ಪೇರ್ ಫೋನಿಗೆ ಬಂದು ಬೀಳುತ್ತವೆ, ಅವು ಮುಖ್ಯ ಫೋನಿಗೆ ಮತ್ತೆ ಬರುವುದಿಲ್ಲ. ಬಂದವುಗಳಲ್ಲಿ ಮುಖ್ಯವಾದವುಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಪರೀಕ್ಷೆಯನ್ನು ರಾತ್ರಿ ಊಟದ ನಂತರ ಶುರು ಮಾಡಿ ಹನ್ನೆರಡರೊಳಗೆ ಮುಗಿಸುವುದು ಒಳ್ಳೆಯದು, ಎರಡು ಗಂಟೆಯ ಹೊತ್ತಿಗೆ ಸ್ಪೇರ್ ಫೋನು ನೋಂದಾಯಿತವಾಗಿ ಇರಬಾರದು.

ಮುಖ್ಯ ಫೋನಿನಲ್ಲಿ ವಾಟ್ಸಾಪ್ ತೆರೆದು ಮತ್ತೆ ನೋಂದಾಯಿಸಿ. ಹಳೆಯ ಚಾಟುಗಳು ಹಾಗೆಯೇ ಕಾಣಬೇಕು, ಗುರುತು 2 ಕೂಡ. ನಡುವೆ ಕಳಿಸಿದ ಕೆಲವು ಸಂದೇಶಗಳು `Waiting for this message` ಎಂದು ತೋರಬಹುದು. ಕಳಿಸಿದವರ ಫೋನು ಆನ್‌ಲೈನ್ ಬಂದಾಗ ಅವು ತೆರೆದುಕೊಳ್ಳುತ್ತವೆ. ಕೆಲವರಿಗೆ ನಿಮ್ಮ ಭದ್ರತಾ ಕೋಡ್ ಬದಲಾಗಿದೆ ಎಂಬ ಸಾಲು ಕಂಡು "ಏನಾಯ್ತು?" ಎಂದು ಕೇಳಿಯಾರು, ಮನೆಯವರಿಗೆ ಮೊದಲೇ ಹೇಳಿಡಿ. ಈ ಸಂಜೆ ಕೋಡು ಬರುವುದು ನೀವೇ ಕೇಳಿದಾಗ ಮಾತ್ರ. ಬೇರೆ ಯಾರಾದರೂ ಕರೆ ಮಾಡಿ ಅದನ್ನು ಕೇಳಿದರೆ ಕೊಡಬೇಡಿ.

ಮುಖ್ಯ ಫೋನು ಸರಿಯಾಗಿ ನಡೆಯುತ್ತಿದೆ ಎಂದು ಖಚಿತವಾದ ಮೇಲಷ್ಟೇ ಸ್ಪೇರ್ ಫೋನಿನ ವಾಟ್ಸಾಪ್ ಅನ್‌ಇನ್‌ಸ್ಟಾಲ್ ಮಾಡಿ, `Android/media/com.whatsapp` ಫೋಲ್ಡರ್ ಉಳಿದಿದ್ದರೆ ಅದನ್ನೂ ಅಳಿಸಿ. ಆ ಫೋನನ್ನು ಇನ್ನೊಬ್ಬರಿಗೆ ಕೊಡುವುದಾದರೆ ಮೊದಲು ಗೂಗಲ್ ಖಾತೆ ತೆಗೆದು, ನಂತರ ಫ್ಯಾಕ್ಟರಿ ರೀಸೆಟ್ ಮಾಡಿ. ಖಾತೆ ತೆಗೆಯದೆ ರಿಕವರಿ ಮೆನುವಿನಿಂದ ರೀಸೆಟ್ ಮಾಡಿದರೆ, ಪಡೆದವರು ಫೋನ್ ಆನ್ ಮಾಡಿದಾಗ ಅದು ನಿಮ್ಮ ಪಾಸ್‌ವರ್ಡನ್ನೇ ಕೇಳುತ್ತ ಕೂರುತ್ತದೆ.